ಅಜ್ಜಿಗೆ ‘ಜೀವನಾಂಶಕ್ಕೆ’ ಅಂತ ಬರೆದುಕೊಟ್ಟ ಜಮೀನು ಯಾರದ್ದು?

“ನಮ್ಮ ತಾತ 1946ರಲ್ಲಿ ತೀರಿಕೊಂಡರು. ಆಗ ಮನೆ ಒಟ್ಟು ಕುಟುಂಬ. 1949ರಲ್ಲಿ ತಾತನ ತಮ್ಮ ಅಜ್ಜಿಗೆ ಜೀವನಾಂಶಕ್ಕೆ ಅಂತ ಎರಡು ಎಕರೆ ಬರೆದುಕೊಟ್ಟಿದ್ದಾರೆ. ‘ಜೀವ ಇರುವ ತನಕ ಅನುಭವಿಸಬಹುದು, ಮಾರುವಂತಿಲ್ಲ’ ಅಂತ ಪತ್ರದಲ್ಲಿದೆ. ಅಜ್ಜಿ 2009ರಲ್ಲಿ ಹೋದರು, ಜಮೀನನ್ನು ನಮ್ಮಮ್ಮನಿಗೆ ವಿಲ್ ಮಾಡಿದ್ದಾರೆ. ಅಮ್ಮ ಒಬ್ಬಳೇ ಮಗಳು. ಈಗ ಚಿಕ್ಕತಾತನ ಮೊಮ್ಮಕ್ಕಳು ಜಮೀನು ವಾಪಸ್ ಕೊಡಿ ಅಂತಿದ್ದಾರೆ. ಅವರಿಗೆ ಹಕ್ಕಿದೆಯಾ?”

ನೀವು ಹೇಳಿದ್ದಷ್ಟೂ ಕಾಗದದಲ್ಲಿ ಹಾಗೇ ಇದ್ದರೆ, ಇಲ್ಲ. ಆ ಜಮೀನು 1956ರ ಜೂನ್ 17ರಂದೇ ನಿಮ್ಮ ಅಜ್ಜಿಯ ಸ್ವಂತದ್ದಾಯಿತು. ಅವತ್ತು ಅಜ್ಜಿ ಯಾವ ಕಚೇರಿಗೂ ಹೋಗಬೇಕಿರಲಿಲ್ಲ, ಅರ್ಜಿ ಕೊಡಬೇಕಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದ ದಿನ ಅದು.

ನಾನು ಸಿವಿಲ್ ಕೇಸು ನಡೆಸುವ ವಕೀಲ. ಇಂಥ ಪತ್ರಗಳನ್ನು ತುಂಬಾ ನೋಡಿದ್ದೇನೆ. ಹಳೇ ಛಾಪಾ ಕಾಗದ, ಮಡಿಕೆ ಬಿದ್ದಲ್ಲಿ ಅಕ್ಷರ ಅಳಿಸಿಹೋಗಿರುತ್ತದೆ. ಕೊನೆಯಲ್ಲಿ ಹೆಚ್ಚುಕಮ್ಮಿ ಒಂದೇ ಸಾಲು: “ನಿಮ್ಮ ಜೀವಮಾನ ಪರ್ಯಂತ ಅನುಭವಿಸಿಕೊಂಡು ಹೋಗತಕ್ಕದ್ದು, ಪರಭಾರೆ ಮಾಡತಕ್ಕದ್ದಲ್ಲ.” ಎದುರು ಪಾರ್ಟಿಯವರು ಈ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ತರುತ್ತಾರೆ. ಅದರ ಮೇಲಿನ ಸಾಲನ್ನು ಮಾತ್ರ ಓದಿರುವುದಿಲ್ಲ.

ಮೊದಲು ಹಳೇ ಪದ್ಧತಿ ಹೇಳಿಬಿಡುತ್ತೇನೆ. 1956ಕ್ಕೆ ಮುಂಚೆ ವಿಧವೆಗೆ ಗಂಡನ ಆಸ್ತಿ ಸಿಕ್ಕರೂ ಅದು ಅರ್ಧಂಬರ್ಧ ಹಕ್ಕು. ಬೆಳೆ ತಿನ್ನಬಹುದು, ಗೇಣಿಗೆ ಕೊಡಬಹುದು. ಸಾಲ ತೀರಿಸುವುದು, ಮಗಳ ಮದುವೆ ಮಾಡುವುದು, ಇಂಥ ತಪ್ಪಿಸಲಾಗದ ಕಾರಣ ಇದ್ದರೆ ಮಾತ್ರ ಮಾರಬಹುದು. ಅವಳು ಹೋದ ಮೇಲೆ ಆಸ್ತಿ ಅವಳ ವಾರಸುದಾರರಿಗೆ ಹೋಗುತ್ತಿರಲಿಲ್ಲ, ಗಂಡನ ವಾರಸುದಾರರಿಗೆ ಹಿಂತಿರುಗುತ್ತಿತ್ತು. ಹಾಗೆ ಕಾಯುತ್ತಿದ್ದವರಿಗೆ ಕೋರ್ಟಿನಲ್ಲಿ ರಿವರ್ಷನರ್ ಅಂತ ಹೆಸರು. ನಿಮ್ಮ ಚಿಕ್ಕತಾತನ ಮೊಮ್ಮಕ್ಕಳು ಇವತ್ತೂ ತಾವು ಅದೇ ಸ್ಥಾನದಲ್ಲಿದ್ದೇವೆ ಅಂದುಕೊಂಡಿದ್ದಾರೆ.

1956ರ ಕಾಯ್ದೆಯ 14ನೇ ಕಲಂ ಆ ಸ್ಥಾನವನ್ನೇ ತೆಗೆದುಹಾಕಿತು. ಅದರ ಮೊದಲ ಭಾಗ ಹೇಳುವುದಿಷ್ಟು: ಹಿಂದೂ ಹೆಣ್ಣುಮಗಳ ಸ್ವಾಧೀನದಲ್ಲಿರುವ ಆಸ್ತಿ, ಕಾಯ್ದೆಗೆ ಮುಂಚೆ ಬಂದಿರಲಿ, ಆಮೇಲೆ ಬಂದಿರಲಿ, ಅವಳು ಪೂರ್ಣ ಮಾಲೀಕಳಾಗಿ ಇಟ್ಟುಕೊಳ್ಳುತ್ತಾಳೆ. ವಾರಸಾಗಿ ಬಂದದ್ದು, ಪಾಲಿನಲ್ಲಿ ಬಂದದ್ದು, ಜೀವನಾಂಶದ ಬದಲಿಗೆ ಬಂದದ್ದು ಎಲ್ಲವೂ ಇದರೊಳಗೆ ಸೇರುತ್ತದೆ ಅಂತ ಅಲ್ಲೇ ವಿವರಣೆಯೂ ಇದೆ.

ಆದರೆ ಎರಡನೇ ಭಾಗವೊಂದಿದೆ, ಜಗಳವೆಲ್ಲ ಅಲ್ಲೇ. ದಾನಪತ್ರ, ವಿಲ್, ಬೇರೆ ಯಾವುದೇ ಪತ್ರ ಅಥವಾ ಕೋರ್ಟಿನ ಡಿಕ್ರಿ ಮೂಲಕ ಆಸ್ತಿ ಬಂದು, ಅದರಲ್ಲೇ ‘ಇಷ್ಟೇ ಹಕ್ಕು’ ಅಂತ ಬರೆದಿದ್ದರೆ ಮೊದಲ ಭಾಗ ಅನ್ವಯಿಸುವುದಿಲ್ಲ. ನಿಮ್ಮ 1949ರ ಪತ್ರದಲ್ಲೂ ‘ಮಾರುವಂತಿಲ್ಲ’ ಅಂತ ಇದೆ. ಹಾಗಾದರೆ ಎರಡನೇ ಭಾಗಕ್ಕೆ ಬಿತ್ತಲ್ಲ ಅಂತ ನಿಮಗೂ ಭಯವಾಗಬಹುದು.

ಇದಕ್ಕೆ ಉತ್ತರ ತುಳಸಮ್ಮ ವಿರುದ್ಧ ಶೇಷಾರೆಡ್ಡಿ ಕೇಸಿನಲ್ಲಿದೆ. ಆ ಕಥೆ ನಿಮ್ಮ ಅಜ್ಜಿಯದ್ದಕ್ಕೆ ಎಷ್ಟು ಹತ್ತಿರ ಇದೆ ನೋಡಿ. ಆಂಧ್ರದ ನೆಲ್ಲೂರು ಕಡೆಯ ತುಳಸಮ್ಮನ ಗಂಡ 1931ರಲ್ಲಿ ತೀರಿಕೊಂಡರು. ಮನೆ ಇನ್ನೂ ಪಾಲಾಗಿರಲಿಲ್ಲ. ಗಂಡನ ಮಲಸಹೋದರ ಶೇಷಾರೆಡ್ಡಿ ಮೇಲೆ ಈಕೆ 1944ರಲ್ಲಿ ಜೀವನಾಂಶಕ್ಕೆ ದಾವೆ ಹೂಡಿದರು, 1946ರಲ್ಲಿ ಡಿಕ್ರಿ ಆಯಿತು. ಅದನ್ನು ಜಾರಿ ಮಾಡಿಸಲು ಹೋದಾಗ 1949ರಲ್ಲಿ ರಾಜಿ. ಕೆಲವು ಆಸ್ತಿ ತುಳಸಮ್ಮನಿಗೆ, ಆದರೆ ಬದುಕಿರುವ ತನಕ ಅನುಭವಿಸಲು ಮಾತ್ರ. ಮಾರುವ ಹಕ್ಕಿಲ್ಲ, ಸತ್ತ ಮೇಲೆ ಶೇಷಾರೆಡ್ಡಿಗೆ ವಾಪಸ್.

1960ರಲ್ಲಿ ಈಕೆ ಒಂದಷ್ಟನ್ನು ಗುತ್ತಿಗೆಗೆ ಕೊಟ್ಟರು, 1961ರಲ್ಲಿ ಇನ್ನೊಂದಷ್ಟನ್ನು ಮಾರಿಯೇಬಿಟ್ಟರು. ಶೇಷಾರೆಡ್ಡಿ ಕೋರ್ಟಿಗೆ ಹೋದರು. ಮುನ್ಸಿಫ್ ಕೋರ್ಟಿನಲ್ಲಿ ಶೇಷಾರೆಡ್ಡಿಗೆ ಗೆಲುವು, ಜಿಲ್ಲಾ ಕೋರ್ಟಿನಲ್ಲಿ ತುಳಸಮ್ಮನಿಗೆ, ಹೈಕೋರ್ಟಿನಲ್ಲಿ ಮತ್ತೆ ಶೇಷಾರೆಡ್ಡಿಗೆ. ಕೊನೆಗೆ 1977ರಲ್ಲಿ ಸುಪ್ರೀಂ ಕೋರ್ಟು ತುಳಸಮ್ಮನ ಪರ ತೀರ್ಪು ಕೊಟ್ಟಿತು.

ಕೋರ್ಟು ಕೇಳಿಕೊಂಡ ಪ್ರಶ್ನೆ ಸರಳ. ಆ ರಾಜಿ ಪತ್ರ ಇಲ್ಲದಿದ್ದರೆ ಈ ಹೆಣ್ಣುಮಗಳಿಗೆ ಏನೂ ಹಕ್ಕಿರಲಿಲ್ಲವಾ? ಇತ್ತು. ಗಂಡನ ಮನೆತನದ ಆಸ್ತಿಯಿಂದ ಜೀವನಾಂಶ ಪಡೆಯುವುದು ವಿಧವೆಗೆ ಶಾಸ್ತ್ರದ ಕಾಲದಿಂದಲೂ ಇದ್ದ ಹಕ್ಕು. ಪತ್ರ ಹೊಸದೇನನ್ನೂ ಕೊಡಲಿಲ್ಲ, ಮೊದಲೇ ಬರಬೇಕಿದ್ದ ಬಾಕಿಯನ್ನು ಜಮೀನಿನ ರೂಪದಲ್ಲಿ ತೀರಿಸಿತು ಅಷ್ಟೇ. ಹಾಗೆ ಬಂದ ಆಸ್ತಿ ಮೊದಲ ಭಾಗಕ್ಕೆ ಸೇರುತ್ತದೆ, ಪತ್ರದಲ್ಲಿ ಎಷ್ಟೇ ನಿರ್ಬಂಧ ಬರೆದಿದ್ದರೂ ಸರಿ. ಎರಡನೇ ಭಾಗ ಇರುವುದು, ಹಿಂದೆ ಯಾವ ಹಕ್ಕೂ ಇಲ್ಲದವಳಿಗೆ ಪತ್ರದ ಮೂಲಕವೇ ಮೊದಲ ಸಲ ಹಕ್ಕು ಹುಟ್ಟಿದಾಗ.

ಅದಕ್ಕೇ ಹೇಳಿದ್ದು, ಮೇಲಿನ ಸಾಲು ಓದಿ ಅಂತ. ‘ನಿಮ್ಮ ಜೀವನಾಂಶದ ಬಗ್ಗೆ’ ಅಥವಾ ‘ಅನ್ನವಸ್ತ್ರಕ್ಕಾಗಿ’ ಅಂತ ನಿಮ್ಮ ಪತ್ರದಲ್ಲಿ ಇದ್ದರೆ ಕೇಸಿನ ಬೆನ್ನೆಲುಬು ಅದೇ.

ಇನ್ನು ‘ಸ್ವಾಧೀನ’ದ ವಿಷಯ. ಅಜ್ಜಿ ತವರಿಗೆ ಹೋಗಿಬಿಟ್ಟಿದ್ದರು, ಉಳುಮೆ ಮಾಡುತ್ತಿದ್ದುದು ನಾವೇ ಅಂತ ಅವರು ಖಂಡಿತ ಹೇಳುತ್ತಾರೆ. ಹೇಳಲಿ ಬಿಡಿ. ಗುಮ್ಮಳಾಪುರ ತಗ್ಗಿನ ಮಠದ ಕೊಟ್ಟೂರುಸ್ವಾಮಿ ವಿರುದ್ಧ ವೀರವ್ವ (ಹೆಸರು ಕೇಳಿದರೇ ನಮ್ಮ ಕಡೆಯವರ ಕೇಸು ಅಂತ ಗೊತ್ತಾಗುತ್ತದೆ, ಅಲ್ವಾ?) ಅನ್ನುವ 1959ರ ತೀರ್ಪಿನಲ್ಲೇ ಇದು ತೀರ್ಮಾನವಾಗಿದೆ. ಸ್ವಾಧೀನ ಅಂದರೆ ಹೊಲದಲ್ಲಿ ನಿಂತು ನೇಗಿಲು ಹಿಡಿಯಬೇಕು ಅಂತ ಅರ್ಥವಲ್ಲ. ಆಸ್ತಿ ಅವಳ ಹಕ್ಕಿನಲ್ಲಿ ಇದ್ದು, ಅವಳ ಒಪ್ಪಿಗೆಯಿಂದ ಬೇರೆಯವರು ನೋಡಿಕೊಳ್ಳುತ್ತಿದ್ದರೂ ಅದು ಅವಳ ಸ್ವಾಧೀನವೇ. ಕಾಯ್ದೆಗೆ ಮುಂಚೆಯೇ ದಾಯಾದಿಗಳು ಹೊರಹಾಕಿದ್ದ ವಿಧವೆಗೂ ವಾಪಸ್ ಪಡೆಯುವ ಹಕ್ಕು ಉಳಿದಿದ್ದರೆ ಅವಳೂ ಪೂರ್ಣ ಮಾಲೀಕಳಾಗುತ್ತಾಳೆ ಅಂತ 1967ರಲ್ಲಿ ಮಂಗಲ್ ಸಿಂಗ್ ವಿರುದ್ಧ ರತ್ನೋ ಕೇಸಿನಲ್ಲಿ ಹೇಳಿದ್ದಾರೆ. ಆದರೂ 1949ರಿಂದ 1956ರ ನಡುವಿನ ಕಂದಾಯ ರಸೀದಿ ಅಜ್ಜಿ ಹೆಸರಲ್ಲಿ ಒಂದೇ ಒಂದು ಸಿಕ್ಕರೂ ಜೋಪಾನ ಮಾಡಿ. ಆಮೇಲಿನ ಪಹಣಿಗಳನ್ನೂ ತೆಗೆಸಿ, ಮಾಲೀಕರ ಕಾಲಂ ಮತ್ತು ಸಾಗುವಳಿ ಕಾಲಂ ಎರಡನ್ನೂ ನೋಡಿ.

ಎಲ್ಲಿ ಕೈಕೊಡುತ್ತದೆ ಅಂತಲೂ ಹೇಳಬೇಕು. ನನ್ನ ಬಳಿ ಬಂದ ಒಬ್ಬರದ್ದು ಹೊರನೋಟಕ್ಕೆ ನಿಮ್ಮದೇ ಕೇಸು. ಅವರ ಅಜ್ಜಿಯೂ ವಿಧವೆ, ಅವರದ್ದೂ ಜಮೀನು. ಎಲ್ಲ ಕೇಳಿ, ಋಣಭಾರ ಪತ್ರ ತೆಗೆಸಿದರೆ 1953ರಲ್ಲೇ ಅಜ್ಜಿ ಅದನ್ನು ಕ್ರಯಕ್ಕೆ ಬರೆದುಕೊಟ್ಟಿದ್ದರು! ಕಾಯ್ದೆ ಬಂದ ದಿನ ಅವರ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲದ ಆಸ್ತಿಗೆ ಮಾಲೀಕತ್ವ ಬರುವುದು ಹೇಗೆ? ಕೊಂಡವನಿಗೂ 14ನೇ ಕಲಂ ಲಾಭ ಇಲ್ಲ, ಅದು ಇರುವುದು ಹೆಣ್ಣುಮಗಳಿಗೆ. ಮಾರಿದ್ದಕ್ಕೆ ತಕ್ಕ ಕಾರಣ ಇರಲಿಲ್ಲ ಅಂತಾದರೆ ಅಂಥ ಜಮೀನಿನ ಮೇಲೆ ಇವತ್ತಿಗೂ ಹಳೇ ಲೆಕ್ಕವೇ ನಡೆಯುತ್ತದೆ. ಆದ್ದರಿಂದ ನೀವೂ 1949ರಿಂದ 1956ರವರೆಗಿನ ಋಣಭಾರ ಪತ್ರ ಮೊದಲು ತೆಗೆಸಿ.

ಇನ್ನೊಂದು ಬಗೆ ವಿಲ್‌ದು. ಗಂಡ ತಾನೇ ದುಡಿದು ಕೊಂಡ ಮನೆಯನ್ನು ‘ಹೆಂಡತಿ ಬದುಕಿರುವ ತನಕ ಇರಲಿ, ಆಮೇಲೆ ತಮ್ಮನ ಮಕ್ಕಳಿಗೆ’ ಅಂತ ವಿಲ್ ಬರೆದರೆ? ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಹೇಗೆ ಬೇಕಾದರೂ ಕೊಡುವ ಅಧಿಕಾರ ಅವನಿಗಿದೆ, ಆದ್ದರಿಂದ ಅವಳಿಗೆ ಅಷ್ಟೇ ಹಕ್ಕು ಅಂತ 2006ರ ಸಾಧು ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಲ್ಲೂ ಜೀವನಾಂಶದ ಹಕ್ಕು ಇತ್ತಲ್ಲ ಅಂತ ವಾದಿಸಿ ಗೆದ್ದವರೂ ಇದ್ದಾರೆ. ತೀರ್ಪುಗಳು ಎರಡು ದಾರಿ ಹಿಡಿದಿವೆ ಅಂತಲೇ ಡಿಸೆಂಬರ್ 2024ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಇದನ್ನು ದೊಡ್ಡ ಪೀಠಕ್ಕೆ ಕಳಿಸಿದರು. ನಿಮ್ಮದು ವಿಲ್‌ನಿಂದ ಬಂದದ್ದಲ್ಲ, ಒಟ್ಟು ಕುಟುಂಬದ ಆಸ್ತಿಯಿಂದ ಜೀವನಾಂಶಕ್ಕೆ ಬಂದದ್ದು. ಸುಮ್ನೆ ಆ ಗೊಂದಲವನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಎದುರಿನವರ ವಕೀಲರು ಆ ತೀರ್ಪುಗಳನ್ನು ತಂದರೆ ಈ ವ್ಯತ್ಯಾಸ ತೋರಿಸಿದರಾಯಿತು.

ಈಗ ಅಮ್ಮನ ಹಕ್ಕು. ಅಜ್ಜಿ ಪೂರ್ಣ ಮಾಲೀಕರಾದ್ದರಿಂದ ವಿಲ್ ಮಾಡುವ ಅಧಿಕಾರ ಅವರಿಗಿತ್ತು. ಸಮಾಧಾನದ ವಿಷಯ ಏನೆಂದರೆ, ವಿಲ್ ಬಿದ್ದುಹೋದರೂ ನಿಮಗೆ ನಷ್ಟವಿಲ್ಲ. ಅದೇ ಕಾಯ್ದೆಯ 15ನೇ ಕಲಂ ಪ್ರಕಾರ ಹೆಣ್ಣುಮಗಳ ಆಸ್ತಿ ಮೊದಲು ಹೋಗುವುದು ಮಕ್ಕಳಿಗೆ ಮತ್ತು ಗಂಡನಿಗೆ. ತಾತ ಮೊದಲೇ ಇಲ್ಲ, ಅಮ್ಮ ಒಬ್ಬಳೇ ಮಗಳು. ಅಲ್ಲಿಗೆ ಮುಗಿಯಿತು. ಅಜ್ಜಿಗೆ ಮಕ್ಕಳು, ಮೊಮ್ಮಕ್ಕಳು ಯಾರೂ ಇಲ್ಲದೆ, ವಿಲ್ ಕೂಡ ಇಲ್ಲದೆ ಹೋಗಿದ್ದರೆ ಮಾತ್ರ ಜಮೀನು ತಾತನ ವಾರಸುದಾರರ ಕಡೆ ಹೋಗುತ್ತಿತ್ತು. ಆಗ ಚಿಕ್ಕತಾತನ ಕಡೆಯವರು ಬಾಗಿಲು ತಟ್ಟುವುದಕ್ಕೆ ಅರ್ಥವಿತ್ತು.

ಹಾಗಂತ ವಿಲ್ ಅನ್ನು ಪೆಟ್ಟಿಗೆಯಲ್ಲಿ ಮರೆತುಬಿಡಬೇಡಿ. ಕೋರ್ಟಿನಲ್ಲಿ ಅದನ್ನು ಸಾಬೀತು ಮಾಡಲು ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಅವರಿಗೂ ವಯಸ್ಸಾಗಿರುತ್ತದೆ. ಯಾರ್ಯಾರು ಸಹಿ ಹಾಕಿದ್ದಾರೆ, ಈಗ ಎಲ್ಲಿದ್ದಾರೆ ಅಂತ ಈ ವಾರವೇ ವಿಚಾರಿಸಿ.