ತಿಂಗಳ ಮಧ್ಯೆ ಪ್ಲಾನ್ ಬದಲಿಸಿದರೆ ಬಿಲ್‌ನಲ್ಲಿ ಬರುವ ‘ಪ್ರೊ ರೇಟಾ’ ಲೆಕ್ಕ

ಪ್ರಶ್ನೆ: ನಮ್ಮ ಮನೆ ಬ್ರಾಡ್‌ಬ್ಯಾಂಡ್ 600 ರೂಪಾಯಿ ಪ್ಲಾನ್‌ನಲ್ಲಿತ್ತು. ಜೂನ್ 17ಕ್ಕೆ 900ರ ಪ್ಲಾನ್‌ಗೆ ಬದಲಾಯಿಸಿದೆ. ಜುಲೈ 5ರ ಬಿಲ್ 1,274.40 ಬಂದಿದೆ. ಅದರಲ್ಲಿ ‘ಪ್ರೊ ರೇಟಾ’ ಅಂತ ಎರಡು ಸಾಲು ಇದೆ, ಒಂದಕ್ಕೆ ಮೈನಸ್ ಗುರುತು ಬೇರೆ. ಜಾಸ್ತಿ ಹಾಕಿದ್ದಾರಾ? ಈಗ ಕನೆಕ್ಷನ್ ತೆಗೆಸಿದರೆ ಎಷ್ಟು ವಾಪಸ್ ಬರಬೇಕು?

ಉತ್ತರ:

ಜಾಸ್ತಿ ಹಾಕಿಲ್ಲ. ನೀವು ಕೊಟ್ಟಿರುವ ತಾರೀಖು, ದರಗಳಿಂದ ಲೆಕ್ಕ ಹಾಕಿದರೆ ಸರಿಯಾಗಿ 1,274.40 ರೂಪಾಯಿಯೇ ಬರುತ್ತದೆ. ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಮುಂದೆ ಯಾವ ಬಿಲ್ ಬಂದರೂ ನೀವೇ ಪರೀಕ್ಷಿಸಿಕೊಳ್ಳಬಹುದು.

ಪ್ರೊ ರೇಟಾ ಅಂದರೆ ಪೂರ್ತಿ ತಿಂಗಳ ದರದಲ್ಲಿ ಆ ಪ್ಲಾನ್ ಚಾಲ್ತಿಯಲ್ಲಿದ್ದ ದಿನಗಳಿಗೆ ಬರುವ ಪಾಲು. ಇಷ್ಟೇ ಸೂತ್ರ:

ಪಾಲು = ತಿಂಗಳ ದರ × ಪ್ಲಾನ್ ಇದ್ದ ದಿನಗಳು ÷ ಬಿಲ್ ಅವಧಿಯ ಒಟ್ಟು ದಿನಗಳು

ಇಲ್ಲಿ ತಿಂಗಳು ಅಂದರೆ ಕ್ಯಾಲೆಂಡರ್ ತಿಂಗಳಲ್ಲ, ನಿಮ್ಮ ಬಿಲ್ ಸೈಕಲ್. ಪ್ರತಿ 5ಕ್ಕೆ ಬಿಲ್ ಆಗುತ್ತಿದ್ದರೆ ಈ ತಿಂಗಳ 5ರಿಂದ ಮುಂದಿನ ತಿಂಗಳ 4ರವರೆಗೆ ಒಂದು ಅವಧಿ. ಹಾಗಾಗಿ ಜೂನ್ 5ರಿಂದ ಜುಲೈ 4ರವರೆಗೆ ಎಣಿಸಬೇಕು: ಜೂನ್‌ನಲ್ಲಿ 26 ದಿನ, ಜುಲೈನಲ್ಲಿ 4, ಒಟ್ಟು 30.

ಗೊಂದಲಕ್ಕೆ ಮುಖ್ಯ ಕಾರಣ ಇನ್ನೊಂದಿದೆ. ಬ್ರಾಡ್‌ಬ್ಯಾಂಡ್ ಪ್ಲಾನ್‌ಗಳಲ್ಲಿ ತಿಂಗಳ ಚಾರ್ಜನ್ನು ಬಹಳಷ್ಟು ಕಡೆ ಮುಂಗಡವಾಗಿ ಹಾಕುತ್ತಾರೆ. ಅಂದರೆ ಜೂನ್ 5ರ ಬಿಲ್‌ನಲ್ಲಿ ನೀವು ಕಟ್ಟಿದ 600 ರೂಪಾಯಿ ಜುಲೈ 4ರವರೆಗಿನದ್ದು. ಜೂನ್ 17ಕ್ಕೆ ಹಳೇ ಪ್ಲಾನ್ ನಿಂತಿತು, ಆದರೆ ಅದರ ದುಡ್ಡು ಮುಂದಿನ 18 ದಿನಕ್ಕೂ ಅವರ ಹತ್ತಿರ ಇತ್ತು. ಅದನ್ನು ನಿಮಗೆ ಜಮಾ ಮಾಡಲೇಬೇಕು. ಮೈನಸ್ ಗುರುತಿನ ಸಾಲು ಅದೇ.

ಈಗ ಸಾಲು ಸಾಲಾಗಿ ನೋಡಿ. ಹಳೇ ಪ್ಲಾನ್ ಜೂನ್ 5ರಿಂದ 16ರವರೆಗೆ 12 ದಿನ ನಡೆದಿದೆ, ಉಳಿದದ್ದು 18 ದಿನ. 600 × 18 ÷ 30 = 360 ರೂಪಾಯಿ. ಇದು ನಿಮಗೆ ವಾಪಸ್, ಆದ್ದರಿಂದ ಮೈನಸ್. ಹೊಸ ಪ್ಲಾನ್ ಜೂನ್ 17ರಿಂದ ಜುಲೈ 4ರವರೆಗೆ ಅದೇ 18 ದಿನ ನಡೆದಿದೆ. 900 × 18 ÷ 30 = 540 ರೂಪಾಯಿ. ಇದನ್ನು ನೀವು ಇನ್ನೂ ಕಟ್ಟಿರಲಿಲ್ಲ. ಇದರ ಜೊತೆಗೆ ಜುಲೈ 5ರಿಂದ ಆಗಸ್ಟ್ 4ರವರೆಗಿನ ಮುಂಗಡ ಪೂರ್ತಿ 900. ಮೂರನ್ನೂ ಸೇರಿಸಿದರೆ 900 + 540 − 360 = 1,080. ಇದರ ಮೇಲೆ 18% ಜಿಎಸ್‌ಟಿ 194.40. ಒಟ್ಟು 1,274.40.

ಆಗಸ್ಟ್ 5ರ ಬಿಲ್‌ನಲ್ಲಿ ಈ ಎರಡು ಸಾಲು ಇರಬಾರದು. ಬರೀ 900, ಅದರ ಮೇಲೆ ಜಿಎಸ್‌ಟಿ 162, ಸೇರಿ 1,062 ಬರಬೇಕು. ಆಗಲೂ ಪ್ರೊ ರೇಟಾ ಸಾಲು ಕಂಡರೆ ಪ್ಲಾನ್ ಬದಲಾವಣೆಯನ್ನು ಎರಡು ಸಲ ದಾಖಲಿಸಿದ್ದಾರೆ ಅಂತ ಅನುಮಾನ ಪಡಬಹುದು.

ಹೊಸದಾಗಿ ಕನೆಕ್ಷನ್ ತೆಗೆದುಕೊಂಡವರ ಮೊದಲ ಬಿಲ್ ದೊಡ್ಡದಾಗುವುದಕ್ಕೂ ಇದೇ ಕಾರಣ. ಅಲ್ಲಿ ಜಮಾ ಆಗುವ ಹಳೇ ದುಡ್ಡು ಇರುವುದಿಲ್ಲ, ಕಳೆದ ದಿನಗಳ ಪಾಲು ಮತ್ತು ಮುಂದಿನ ತಿಂಗಳ ಮುಂಗಡ ಎರಡೂ ಒಟ್ಟಿಗೆ ಬರುತ್ತವೆ.

ತಪ್ಪು ಸಾಮಾನ್ಯವಾಗಿ ಎಲ್ಲಿ ಆಗುತ್ತದೆ ಅಂದರೆ, ಬದಲಾವಣೆಯ ದಿನವನ್ನು ಎಣಿಸುವಲ್ಲಿ. ಜೂನ್ 17 ಹಳೇ ಪ್ಲಾನ್‌ಗೂ ಸೇರಿ, ಹೊಸದಕ್ಕೂ ಸೇರಿಬಿಟ್ಟರೆ ಹಳೇದು 13 ದಿನ, ಹೊಸದು 18 ದಿನ, ಒಟ್ಟು 31 ಆಗುತ್ತದೆ. 30 ದಿನದ ಅವಧಿಯಲ್ಲಿ 31 ದಿನದ ಚಾರ್ಜು! ಆ ಒಂದು ದಿನ ಯಾವ ಪ್ಲಾನ್‌ಗೆ ಸೇರಬೇಕು ಅನ್ನುವುದು ಕಂಪನಿಯ ನಿಯಮಕ್ಕೆ ಬಿಟ್ಟದ್ದು, ಅದರ ಬಗ್ಗೆ ಜಗಳವಿಲ್ಲ. ಆದರೆ ಎರಡಕ್ಕೂ ಸೇರುವಂತಿಲ್ಲ. ಬಿಲ್‌ನ ವಿವರ ಪುಟದಲ್ಲಿ ಪ್ರತಿ ಸಾಲಿನ ಮುಂದೆ ‘ಇಂದ–ವರೆಗೆ’ ತಾರೀಖು ಇರುತ್ತದೆ. ನಾನಾದರೆ ರೂಪಾಯಿ ನೋಡುವುದಕ್ಕೂ ಮೊದಲು ಆ ತಾರೀಖುಗಳನ್ನೇ ನೋಡುತ್ತೇನೆ. ಮೈನಸ್ ಸಾಲು ಮತ್ತು ಹೊಸ ಪ್ಲಾನ್‌ನ ಪ್ರೊ ರೇಟಾ ಸಾಲು ಎರಡೂ ಒಂದೇ ದಿನ ಶುರುವಾಗಿ ಒಂದೇ ದಿನ ಮುಗಿದಿರಬೇಕು.

ಹಾಗೆಯೇ ನೀವು ಕೋರಿಕೆ ಕೊಟ್ಟ ದಿನ ಮತ್ತು ಪ್ಲಾನ್ ನಿಜವಾಗಿ ಬದಲಾದ ದಿನ ಬೇರೆ ಬೇರೆ ಇರಬಹುದು. ಲೆಕ್ಕ ಹಿಡಿಯಬೇಕಾದದ್ದು ಬದಲಾದ ದಿನದಿಂದ. ಎಸ್‌ಎಂಎಸ್‌ನಲ್ಲಿ ಬಂದ ದೃಢೀಕರಣವನ್ನು ಅಳಿಸದೆ ಇಟ್ಟುಕೊಳ್ಳಿ, ಆ ತಾರೀಖಿಗೆ ನಿಮ್ಮ ಬಳಿ ಇರುವ ಸಾಕ್ಷಿ ಅದೊಂದೇ ಆಗಿರಬಹುದು.

ಈಗ ಕನೆಕ್ಷನ್ ತೆಗೆಸುವ ವಿಷಯ. ಜುಲೈ 5ರ ಬಿಲ್ ಕಟ್ಟಿ, ಜುಲೈ 20 ಕೊನೆಯ ದಿನ ಅಂತ ಇಟ್ಟುಕೊಳ್ಳೋಣ. ಜುಲೈ 5ರಿಂದ ಆಗಸ್ಟ್ 4ರವರೆಗಿನ ಅವಧಿ 31 ದಿನ. ಬಳಸಿದ್ದು 5ರಿಂದ 20ರವರೆಗೆ 16 ದಿನ, ಉಳಿದದ್ದು 15. 900 × 15 ÷ 31 = 435.48 ರೂಪಾಯಿ. ಮುಂಗಡ ಕಟ್ಟುವಾಗ ಅದರ ಮೇಲೆ ಜಿಎಸ್‌ಟಿಯನ್ನೂ ಕಟ್ಟಿದ್ದೀರಲ್ಲ, ಆದ್ದರಿಂದ ಉಳಿದ ದಿನಗಳ ಜಿಎಸ್‌ಟಿ 78.39 ಕೂಡ ಸೇರಬೇಕು. ಒಟ್ಟು 513.87. ಕೊನೆಯ ಬಿಲ್‌ನಲ್ಲಿ ಬರೀ 435.48 ಜಮಾ ತೋರಿಸಿ ತೆರಿಗೆಯ ಸಾಲು ಹಾಗೇ ಬಿಟ್ಟಿದ್ದರೆ ಕೇಳಿ. ಸಣ್ಣ ಮೊತ್ತ ಅನ್ನಿಸಿದರೂ ಅದು ನಿಮ್ಮದೇ ದುಡ್ಡು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಲವರು ತಿಂಗಳು ಎಷ್ಟೇ ದಿನದ್ದಿರಲಿ 30ರಿಂದಲೇ ಭಾಗಿಸುತ್ತಾರೆ. ಹಾಗೆ ಮಾಡಿದರೆ ದಿನಕ್ಕೆ 30 ರೂಪಾಯಿ. ಉಳಿದ 15 ದಿನಕ್ಕೆ 450 ಜಮಾ ಅಂತಲೂ ಹೇಳಬಹುದು. ಬಳಸಿದ 16 ದಿನಕ್ಕೆ 480 ಹಿಡಿದು ಉಳಿದ 420 ಜಮಾ ಅಂತಲೂ ಹೇಳಬಹುದು. ಒಂದೇ ದರ, ಅವೇ ತಾರೀಖು, ಎರಡು ಉತ್ತರ. 31 ದಿನದ ಅವಧಿಯನ್ನು 30ರಿಂದ ಭಾಗಿಸಿದ್ದರಿಂದ ಹೀಗಾಗುತ್ತದೆ, ಬಳಸಿದ ಪಾಲು ಮತ್ತು ಉಳಿದ ಪಾಲು ಕೂಡಿಸಿದರೆ 480 + 450 = 930 ಬಂದುಬಿಡುತ್ತದೆ. ಲೆಕ್ಕ ಸರಿಯಿದೆಯೇ ಅಂತ ತಿಳಿಯಲು ಇದೇ ಒರೆಗಲ್ಲು: ಎರಡೂ ಪಾಲು ಕೂಡಿದರೆ ಪೂರ್ತಿ ದರ ಬರಬೇಕು, ಪೈಸೆಯ ವ್ಯತ್ಯಾಸ ಬಿಟ್ಟು. ನಿಜವಾದ ದಿನಗಳಿಂದ ಭಾಗಿಸಿದಾಗ 464.52 + 435.48 = 900, ಸರಿಯಾಗಿ ಕೂಡುತ್ತದೆ. ಷರತ್ತುಗಳಲ್ಲಿ ‘ತಿಂಗಳೆಂದರೆ 30 ದಿನ’ ಅಂತ ಬರೆದಿದ್ದರೆ ಅವರು ಆ ಪದ್ಧತಿ ಹಿಡಿಯಬಹುದು. ಆದರೆ ಚಾರ್ಜು ಹಾಕುವಾಗ 30, ವಾಪಸ್ ಕೊಡುವಾಗ 31 ಅಂತ ಬದಲಾಯಿಸುವುದು ನ್ಯಾಯವಲ್ಲ.

ಪೈಸೆಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಮೊದಲು ಗುಣಿಸಿ, ಆಮೇಲೆ ಭಾಗಿಸಿ, ಎಲ್ಲ ಆದಮೇಲೆ ಕೊನೆಗೆ ಪೈಸೆ ಸರಿಪಡಿಸಿ. ಮೊದಲೇ ದಿನದ ದರ ತೆಗೆದು ಅದನ್ನು ದುಂಡು ಮಾಡಿದರೆ ತಪ್ಪು ದಿನದಿಂದ ದಿನಕ್ಕೆ ಬೆಳೆಯುತ್ತದೆ. ತಿಂಗಳ ಬಿಲ್‌ನಲ್ಲಿ ಅದು ಸಾಮಾನ್ಯವಾಗಿ ಸಣ್ಣ ಮೊತ್ತವೇ. ವರ್ಷದ ಪ್ಲಾನ್‌ನಲ್ಲಿ ಹಾಗಲ್ಲ. ವರ್ಷಕ್ಕೆ 5,000 ರೂಪಾಯಿ ಕಟ್ಟಿ 200 ದಿನ ಉಳಿದಿದೆ ಅನ್ನಿ. 5,000 × 200 ÷ 365 = 2,739.73 ಬರಬೇಕು. ದಿನಕ್ಕೆ 13.70ರ ಬದಲು 13 ರೂಪಾಯಿ ಅಂತ ಹಿಡಿದರೆ 2,600 ಮಾತ್ರ ಬರುತ್ತದೆ, 139.73 ಹೋಯಿತು.

ವರ್ಷದ ಪ್ಲಾನ್ ಬಗ್ಗೆ ಇನ್ನೂ ದೊಡ್ಡ ಎಚ್ಚರಿಕೆ ಬೇಕು. ‘ಹತ್ತು ತಿಂಗಳ ದುಡ್ಡು ಕಟ್ಟಿ, ಹನ್ನೆರಡು ತಿಂಗಳು ಬಳಸಿ’ ಅನ್ನುವ ತರಹದ ಕೊಡುಗೆಯಲ್ಲಿ 600ರ ಪ್ಲಾನ್‌ಗೆ 6,000 ಕಟ್ಟಿದ್ದೀರಿ, 5 ತಿಂಗಳಿಗೆ ತೆಗೆಸುತ್ತೀರಿ ಅಂದುಕೊಳ್ಳಿ. ಪ್ರೊ ರೇಟಾ ಪ್ರಕಾರ 6,000 × 7 ÷ 12 = 3,500 ವಾಪಸ್ ಬರಬೇಕು. ಆದರೆ ಷರತ್ತಿನಲ್ಲಿ ‘ಅವಧಿಗೆ ಮುಂಚೆ ನಿಲ್ಲಿಸಿದರೆ ಬಳಸಿದ ತಿಂಗಳುಗಳಿಗೆ ಮಾಸಿಕ ದರ ಅನ್ವಯ’ ಅಂತ ಇದ್ದರೆ 5 × 600 = 3,000 ಹಿಡಿದುಕೊಂಡು ಉಳಿದ 3,000 ಕೊಡುತ್ತಾರೆ. ಇದು ರಿಯಾಯಿತಿ ಹಿಂದಕ್ಕೆ ಪಡೆಯುವ ಲೆಕ್ಕ, ಪ್ರೊ ರೇಟಾ ಅಲ್ಲ. ಬಿಲ್‌ನಲ್ಲಿ ಪ್ರೊ ರೇಟಾ ಅಂತ ಬರೆದು ಹೀಗೆ ಕಡಿಮೆ ಕೊಟ್ಟಿದ್ದರೆ ಆ ಷರತ್ತನ್ನು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ವರ್ಷದ ಪ್ಲಾನ್ ತೆಗೆದುಕೊಳ್ಳುವ ಮುಂಚೆ ಓದಲೇಬೇಕಾದ ಸಾಲು ಅದು.

ದಿನದ ಲೆಕ್ಕಕ್ಕೆ ಬಾರದವೂ ಇವೆ. ಇನ್‌ಸ್ಟಲೇಷನ್ ಚಾರ್ಜು ಒಂದೇ ಸಲದ್ದು, ಅದರ ಪಾಲು ವಾಪಸ್ ಬರುವುದಿಲ್ಲ. ವಾಪಸ್ ಕೊಡುತ್ತೇವೆ ಅಂತ ತೆಗೆದುಕೊಂಡ ರೂಟರ್ ಡಿಪಾಸಿಟ್ ಇದಕ್ಕೆ ತದ್ವಿರುದ್ಧ, ರೂಟರ್ ಸರಿಯಾಗಿ ಹಿಂದಿರುಗಿಸಿದರೆ ಪೂರ್ತಿ ಬರಬೇಕು. ರೂಟರ್ ಕೊಟ್ಟಾಗ ರಸೀದಿ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಡೇಟಾ ಮಿತಿ ಇರುವ ಪ್ಲಾನ್ ಆದರೆ ದುಡ್ಡಿನ ಜೊತೆ ಡೇಟಾವನ್ನೂ ದಿನಗಳಿಗೆ ತಕ್ಕಂತೆ ಇಳಿಸುವುದುಂಟು. ತಿಂಗಳಿಗೆ 75 ಜಿಬಿ ಇದ್ದರೆ 30ರಲ್ಲಿ 18 ದಿನಕ್ಕೆ 45 ಜಿಬಿ. ಬದಲಾವಣೆ ಮಾಡಿದ ಮೊದಲ ಅವಧಿಯಲ್ಲೇ ಡೇಟಾ ಬೇಗ ಮುಗಿದು ಸ್ಪೀಡ್ ಕುಸಿದರೆ ಇದನ್ನು ನೆನಪಿಡಿ.

ಲೆಕ್ಕ ಕೂಡದಿದ್ದರೆ ಕಸ್ಟಮರ್ ಕೇರ್‌ಗೆ ‘ಬಿಲ್ ಜಾಸ್ತಿ ಬಂದಿದೆ’ ಅಂತ ಹೇಳಿದರೆ ಸಾಲದು. ಬಿಲ್ ಅವಧಿ, ಬದಲಾದ ತಾರೀಖು, ಎಷ್ಟು ದಿನ, ಬರಬೇಕಾದ ಮೊತ್ತ, ಬಂದಿರುವ ಮೊತ್ತ ಇಷ್ಟನ್ನೂ ಬರೆದು ಕಳಿಸಿ, ದೂರಿನ ಗುರುತಿಗೆ ಕೊಡುವ ಡಾಕೆಟ್ ನಂಬರ್ ಕೇಳಿ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ನಿಯಮದಂತೆ ಕಂಪನಿಯಲ್ಲೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅಲ್ಲಿ ಮೊದಲು ಕೇಳುವುದು ಆ ಡಾಕೆಟ್ ನಂಬರನ್ನೇ.