ಹಳೇ 407 ತಗೊಳ್ಳೋ ಮುಂಚೆ

> 2015ರ ಟಾಟಾ 407, ಮೀಟರ್ 90,000 ಕಿ.ಮೀ. ಎಫ್‌ಸಿ ಇದೆಯಂತೆ. ನಾನೇ ಓಡಿಸೋದು, ತಗೋಬಹುದಾ?

ಮೀಟರ್ ನಂಬಬೇಡಿ ಸರ್. ಲೋಡಿಂಗ್ ಜಾಗದಲ್ಲಿ ಗಂಟೆಗಟ್ಟಲೆ ಐಡಲ್ ಓಡಿದ್ದು ಕಿಲೋಮೀಟರಲ್ಲಿ ಕಾಣುವುದಿಲ್ಲ. ತಣ್ಣಗಿರುವಾಗಲೇ ನೀವೇ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಆಯಿಲ್ ಕ್ಯಾಪ್ ತೆಗೆದು ನೋಡಿ. ಅಲ್ಲಿಂದ ಹೊಗೆ ಜೋರಾಗಿ ನುಗ್ಗಿದರೆ ರಿಂಗ್, ಬೋರ್ ಸವೆದಿರುತ್ತದೆ, ಎಂಜಿನ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಚಾಸಿ ಮಾತ್ರ ಕೆಟ್ಟಿದ್ದರೆ ಬಿಟ್ಟುಬಿಡಿ. ಕೆಳಗೆ ಮಲಗಿ ಟಾರ್ಚ್ ಹಾಕಿ, ಹಿಂದಿನ ಪಟ್ಟಾ ಬ್ರಾಕೆಟ್ ಸುತ್ತ ನೋಡಿ. ಓವರ್‌ಲೋಡ್ ಹೊಡೆದ ಗಾಡಿಗೆ ಅಲ್ಲೇ ಬಿರುಕು, ವೆಲ್ಡಿಂಗ್ ಜಾಸ್ತಿ. ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕೆರೆದು ನೋಡಿ.

8 ವರ್ಷ ದಾಟಿದ್ದರಿಂದ ಎಫ್‌ಸಿ ವರ್ಷಾವರ್ಷ ಮಾಡಿಸಬೇಕು, ಅದಕ್ಕೆ ಮುಗಿಯುವ ತಾರೀಕು ಕೇಳಿ. ಪರ್ಮಿಟ್ ಕೂಡ ಗಾಡಿ ಜೊತೆ ಸುಮ್ನೆ ಬರುವುದಿಲ್ಲ, ನಿಮ್ಮ ಹೆಸರಿಗೆ ವರ್ಗಾಯಿಸಲು ಆರ್‌ಟಿಒ ಅನುಮತಿ ಬೇಕು. ಸಾಲ ಬಾಕಿ ಇದ್ದರೆ ಬ್ಯಾಂಕ್ ಎನ್‌ಒಸಿ ಕೈಗೆ ಬರುವವರೆಗೂ ಅಡ್ವಾನ್ಸ್ ಕೊಡಬೇಡಿ.