ಎಲ್‌ಎಚ್ 41 ಅಂದ ಕೂಡಲೇ ಪಿಸಿಒಡಿ ಅಲ್ಲ, ರಕ್ತ ಕೊಟ್ಟ ದಿನ ಯಾವುದು ಹೇಳಿ

ಪ್ರಶ್ನೆ: ಮೇಡಂ, ನನಗೆ 26 ವರ್ಷ, ಇಂಡಿ ತಾಲ್ಲೂಕಿನವಳು. ಮುಟ್ಟು 35ರಿಂದ 45 ದಿನಕ್ಕೊಮ್ಮೆ ಬರುತ್ತೆ. ಆಗಸ್ಟ್ 3ಕ್ಕೆ ಆಗಿತ್ತು, 27ಕ್ಕೆ ವಿಜಯಪುರಕ್ಕೆ ಬಂದು ಹಾರ್ಮೋನ್ ಟೆಸ್ಟ್ ಮಾಡಿಸಿದೆ. ಎಲ್‌ಎಚ್ 41.2, ಎಫ್‌ಎಸ್‌ಎಚ್ 13.6, ಪ್ರೊಲ್ಯಾಕ್ಟಿನ್ 38, ಟೆಸ್ಟೋಸ್ಟೆರಾನ್ 48. ಎಲ್‌ಎಚ್ ಎಫ್‌ಎಸ್‌ಎಚ್‌ಗಿಂತ ಮೂರು ಪಟ್ಟು ಇದೆ, ಪಿಸಿಒಡಿ ಅಂದರು. ಇನ್ನೊಬ್ಬರು ಮೊಟ್ಟೆ ಮುಗೀತಾ ಬಂದಿದೆ ಅಂದರು. ಪ್ರೊಲ್ಯಾಕ್ಟಿನ್ ಜಾಸ್ತಿ ಅಂತ ತಲೆ ಎಂಆರ್‌ಐ ಕೂಡ ಮಾಡಿಸಬೇಕಂತೆ. ಸೆಪ್ಟೆಂಬರ್ 10ಕ್ಕೆ ಮತ್ತೆ ಮುಟ್ಟಾಯಿತು. ಗ್ಯಾಸ್ ಮಾತ್ರೆ ಬಿಟ್ಟರೆ ಬೇರೇನೂ ತಗೊಳ್ಳಲ್ಲ. ನಿದ್ದೆ ಬರ್ತಿಲ್ಲ.

ತಂಗಿ, ನೀವು ತಾರೀಕು ಬರೆದಿದ್ದು ಒಳ್ಳೆಯದಾಯಿತು. ನನಗೆ ಬರುವ ಹೆಚ್ಚಿನ ರಿಪೋರ್ಟ್‌ಗಳಲ್ಲಿ ಅದೇ ಇರುವುದಿಲ್ಲ. ಲ್ಯಾಬಿನ ಚೀಟಿಯಲ್ಲಿ ಎಲ್‌ಎಂಪಿ ಅಂತ ಒಂದು ಜಾಗ ಇರುತ್ತೆ, ಕೊನೆಯ ಮುಟ್ಟು ಶುರುವಾದ ದಿನ ಬರೆಯೋದಕ್ಕೆ. ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಬರೆಯುವುದಿಲ್ಲ, ಆಮೇಲೆ ಬರೀ ನಂಬರ್ ಫೋಟೋ ತೆಗೆದು ಕಳಿಸಿ "ಇದು ನಾರ್ಮಲ್ಲಾ?" ಅಂತ ಕೇಳುತ್ತಾರೆ. ಎಲ್‌ಎಚ್ ಅಂದರೆ ಮೊಟ್ಟೆ ಬಿಡುಗಡೆ ಮಾಡಿಸುವ ಹಾರ್ಮೋನ್, ದಿನ ಗೊತ್ತಿಲ್ಲದೆ ಅದನ್ನು ಓದುವುದಕ್ಕೆ ಆಗುವುದೇ ಇಲ್ಲ.

ಈಗ ಕೂತು ಎಣಿಸೋಣ. ಆಗಸ್ಟ್ 3 ಮೊದಲ ದಿನ ಅಂದರೆ ಆಗಸ್ಟ್ 27 ನಿಮ್ಮ 25ನೇ ದಿನ. ಮುಂದಿನ ಮುಟ್ಟು ಸೆಪ್ಟೆಂಬರ್ 10ಕ್ಕೆ, ಅಂದರೆ ರಕ್ತ ಕೊಟ್ಟು ಸರಿಯಾಗಿ 14 ದಿನಕ್ಕೆ. ನಿಮ್ಮ ಇಡೀ ರಿಪೋರ್ಟಿನ ಉತ್ತರ ಈ 14ರಲ್ಲೇ ಇದೆ.

ಮೊಟ್ಟೆ ಬಿಡುಗಡೆ ಆದಮೇಲೆ ಮುಟ್ಟು ಬರೋದಕ್ಕೆ ಸಾಮಾನ್ಯವಾಗಿ ಎರಡು ವಾರದ ಆಸುಪಾಸು ಬೇಕು. ಮುಟ್ಟು 28 ದಿನಕ್ಕೆ ಬರುವವರಿಗೂ ಹಾಗೇ, 40 ದಿನಕ್ಕೆ ಬರುವವರಿಗೂ ಹಾಗೇ. ಹೆಚ್ಚು ಕಡಿಮೆ ಆಗೋದು ಅದಕ್ಕೆ ಮುಂಚಿನ ಭಾಗ. "14ನೇ ದಿನ ಮೊಟ್ಟೆ ಬಿಡುಗಡೆ" ಅನ್ನೋದು 28 ದಿನದವರ ಲೆಕ್ಕ. ನಿಮ್ಮ ಈ ಸಲದ ಸುತ್ತು 38 ದಿನದ್ದು, ಹಾಗಾಗಿ ನಿಮ್ಮ ಮೊಟ್ಟೆ ಹೊರಬರುವ ಸಮಯ 25ನೇ ದಿನದ ಆಚೀಚೆ. ಮೊಟ್ಟೆ ಬಿಡುಗಡೆಗೆ ಒಂದೂವರೆ ದಿನ ಮುಂಚೆ ಎಲ್‌ಎಚ್ ಒಮ್ಮೆಲೇ ಮೇಲೆ ಹಾರುತ್ತೆ, 20ರಿಂದ 100ರವರೆಗೂ ಹೋಗಬಹುದು, ಎರಡು ದಿನದಲ್ಲಿ ಇಳಿದುಬಿಡುತ್ತೆ. ಅದರ ಜೊತೆ ಮೊಟ್ಟೆ ಬೆಳೆಸುವ ಹಾರ್ಮೋನ್ ಎಫ್‌ಎಸ್‌ಎಚ್ ಕೂಡ ಸ್ವಲ್ಪ ಏರುತ್ತೆ. ನೀವು ಆ ಎರಡು ದಿನದೊಳಗೇ ರಕ್ತ ಕೊಟ್ಟಿದ್ದೀರಿ. 41.2 ಮತ್ತು 13.6 ಕಾಯಿಲೆಯ ನಂಬರ್ ಅಲ್ಲ. ನಿಮ್ಮ ಮೆದುಳು ಅಂಡಾಶಯಕ್ಕೆ "ಈಗ ಬಿಡು" ಅಂತ ಹೇಳಿದ ಹೊತ್ತು ಅದು.

ರಿಪೋರ್ಟ್ ಮತ್ತೆ ತೆಗೆದು ನೋಡಿ. ಎಲ್‌ಎಚ್ ಮುಂದೆ ಸಾಮಾನ್ಯವಾಗಿ ನಾಲ್ಕು ಸಾಲು ಇರುತ್ತೆ: ಮೊಟ್ಟೆ ಬೆಳೆಯುವಾಗಿನ ಫಾಲಿಕ್ಯುಲರ್, ಬಿಡುಗಡೆ ಹೊತ್ತಿನ ಮಿಡ್‌ಸೈಕಲ್, ಬಿಡುಗಡೆ ನಂತರದ ಲ್ಯೂಟಿಯಲ್, ಮುಟ್ಟು ಪೂರ್ತಿ ನಿಂತು ಮೆನೋಪಾಸ್ ಆದಮೇಲೆ. ನಿಮಗೆ ಪಿಸಿಒಡಿ ಅಂದವರು ಮೊದಲ ಸಾಲು ಮಾತ್ರ ನೋಡಿದ್ದಾರೆ. ಮೊಟ್ಟೆ ಮುಗಿದಿದೆ ಅಂದವರು ಕೊನೆಯ ಸಾಲಿಗೆ ಹೆದರಿದ್ದಾರೆ. ನಿಮ್ಮದು ಎರಡನೇ ಸಾಲು. 26 ವರ್ಷದ ಹುಡುಗಿಗೆ ದಿನ ಕೇಳದೆ ಮೊಟ್ಟೆ ಮುಗಿದಿದೆ ಅಂತ ಹೇಳುವುದು ದೊಡ್ಡ ತಪ್ಪು, ನನಗೆ ಇದನ್ನು ಓದಿ ಸಿಟ್ಟೇ ಬಂತು. ಅಂಡಾಶಯ ಬೇಗ ಸೋಲುತ್ತಿದ್ದರೆ ಮುಟ್ಟಿನ ಎರಡನೇ ಮೂರನೇ ದಿನದಲ್ಲೂ ಎಫ್‌ಎಸ್‌ಎಚ್ ಜಾಸ್ತಿನೇ ಇರುತ್ತೆ, 25 ದಾಟಿರುತ್ತೆ, ತಿಂಗಳು ಬಿಟ್ಟು ನೋಡಿದರೂ ಇಳಿದಿರುವುದಿಲ್ಲ.

ಆ "ಮೂರು ಪಟ್ಟು" ಮಾತು ಹಳೇ ಕಾಲದ್ದು. ಪಿಸಿಒಡಿ ಗುರುತಿಸಲು 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಒಪ್ಪಿಕೊಂಡ ನಿಯಮದಲ್ಲೂ ಅದಿಲ್ಲ, 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಇಲ್ಲ. ಅಲ್ಲಿ ಕೇಳುವುದು ಮೂರರಲ್ಲಿ ಎರಡು. ಮುಟ್ಟು ಏರುಪೇರು ಇರಬೇಕು, ಗಂಡು ಹಾರ್ಮೋನ್ ಜಾಸ್ತಿ ಇರುವ ಗುರುತು ಮೈಮೇಲೋ ರಕ್ತದಲ್ಲೋ ಸಿಗಬೇಕು, ಸ್ಕ್ಯಾನಿಂಗ್‌ನಲ್ಲಿ ಅಥವಾ ಎಎಂಎಚ್ ಟೆಸ್ಟ್‌ನಲ್ಲಿ ಸಣ್ಣ ಸಣ್ಣ ಕೋಶಗಳು ಜಾಸ್ತಿ ಅಂತ ಕಾಣಬೇಕು. ಅದೂ ಥೈರಾಯ್ಡ್, ಪ್ರೊಲ್ಯಾಕ್ಟಿನ್ ತೊಂದರೆ ಇಲ್ಲ ಅಂತ ನೋಡಿದ ಮೇಲೆ. ನಿಮಗೆ 35 ದಿನ ದಾಟಿ ಮುಟ್ಟಾಗುತ್ತೆ, ಹಾಗಾಗಿ ಒಂದು ಗುರುತು ಇದೆ. ಪಿಸಿಒಡಿ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಈ ಕಾಗದದಿಂದ ಇದೆ ಅಂತ ಹೇಳಲು ಬರುವುದಿಲ್ಲ, ಅಷ್ಟೇ.

ಈಗ ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ 38. ಸಾಮಾನ್ಯವಾಗಿ 25ರವರೆಗೆ ಸರಿ ಅಂತ ಲೆಕ್ಕ. ಇದಕ್ಕೆ ಮುಟ್ಟಿನ ದಿನಕ್ಕಿಂತ ಆ ಬೆಳಗ್ಗೆ ನೀವು ಏನು ಮಾಡಿದಿರಿ ಅನ್ನೋದು ಮುಖ್ಯ. ಇಂಡಿಯಿಂದ ಮೊದಲ ಬಸ್ಸು ಹತ್ತಿ, ನಿಂತುಕೊಂಡೇ ಬಂದು, ಓಡಿಕೊಂಡು ಲ್ಯಾಬಿಗೆ ಹೋಗಿ, ಕೂತ ಕೂಡಲೇ ಸೂಜಿ ಚುಚ್ಚಿಸಿಕೊಂಡರೆ ಅದು ಏರದೆ ಇರುತ್ತಾ? ನಿದ್ದೆಯಲ್ಲಿ ಇದು ಜಾಸ್ತಿ ಇರುತ್ತೆ, ಎದ್ದ ಮೇಲೆ ಇಳಿಯಲು ಎರಡು ಮೂರು ಗಂಟೆ ಬೇಕು. ಹೆದರಿಕೆ, ಆಯಾಸ, ಊಟ ಎಲ್ಲಕ್ಕೂ ಏರುತ್ತೆ.

ಅದಕ್ಕಿಂತ ದೊಡ್ಡ ವಿಷಯ ನೀವು ಕೊನೆಗೆ ಸುಮ್ನೆ ಬರೆದ ಗ್ಯಾಸ್ ಮಾತ್ರೆ. ಅದರ ಪಟ್ಟಿ ತಿರುಗಿಸಿ ಹಿಂದೆ ಸಣ್ಣ ಅಕ್ಷರ ಓದಿ. ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಅಂತ ಇದ್ದು, ಅದರ ಜೊತೆ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಅಂತ ಎರಡನೇ ಹೆಸರು ಇದೆಯಾ? ಈ ಎರಡನೆಯದು ಪ್ರೊಲ್ಯಾಕ್ಟಿನ್ ಏರಿಸುತ್ತೆ. ಕೆಲವರಿಗೆ 100 ದಾಟಿಸಿ ಮುಟ್ಟನ್ನೇ ನಿಲ್ಲಿಸುತ್ತೆ, ಎದೆಯಿಂದ ಹಾಲು ಬರಿಸುತ್ತೆ. ನಮ್ಮ ಕಡೆ ಇದನ್ನು ಅಂಗಡಿಯಲ್ಲಿ ಕೇಳಿ ತಗೊಂಡು ತಿಂಗಳುಗಟ್ಟಲೆ ನುಂಗುತ್ತಾರೆ. ಡಾಕ್ಟರ್ "ಏನಾದರೂ ಮಾತ್ರೆ ತಗೊಳ್ತೀರಾ?" ಅಂದರೆ "ಇಲ್ಲ" ಅನ್ನುತ್ತಾರೆ, ಯಾಕಂದರೆ ಗ್ಯಾಸ್ ಮಾತ್ರೆ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. ಆ ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ದಿನ ಬಿಟ್ಟು ಪ್ರೊಲ್ಯಾಕ್ಟಿನ್ ಮತ್ತೆ ಮಾಡಿಸಿ, ಜೊತೆಗೆ ಟಿಎಸ್‌ಎಚ್ ಕೂಡ, ಥೈರಾಯ್ಡ್ ಕಡಿಮೆ ಇದ್ದರೂ ಇದು ಏರುತ್ತೆ. ಆದರೆ ಇದನ್ನು ಓದಿ ಮಾನಸಿಕ ಕಾಯಿಲೆಯ ಮಾತ್ರೆಯನ್ನು ಯಾರೂ ತಾವಾಗೇ ನಿಲ್ಲಿಸಬೇಡಿ. ಅವೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ಆದರೆ ಆ ನಿರ್ಧಾರ ಬರೆದುಕೊಟ್ಟ ಡಾಕ್ಟರದ್ದು.

38ಕ್ಕೆ, ಅದೂ ಒಂದೇ ಸಲ ನೋಡಿದ್ದಕ್ಕೆ, ಎಂಆರ್‌ಐ ಬೇಡ. ಯೋಚನೆ ಮಾಡಿ, ಪ್ರೊಲ್ಯಾಕ್ಟಿನ್ ನಿಜವಾಗಿ ತೊಂದರೆ ಕೊಡೋದು ಎಲ್‌ಎಚ್ ಅನ್ನು ಅದುಮಿ ಹಿಡಿದು. ನಿಮ್ಮ ಎಲ್‌ಎಚ್ ಅದೇ ದಿನ 41ಕ್ಕೆ ಹಾರಿದೆಯಲ್ಲ! ಮಾತ್ರೆ ಬಿಟ್ಟು ಮತ್ತೆ ನೋಡಿದರೂ ಜಾಸ್ತಿನೇ ಇದ್ದರೆ, ಅಥವಾ ತಲೆನೋವಿನ ಜೊತೆ ಪಕ್ಕದ ನೋಟ ಮಸುಕಾದರೆ, ಆಗ ಎಂಆರ್‌ಐ ಮಾತು.

ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ 48 ಹೆಚ್ಚಿನ ಲ್ಯಾಬ್‌ಗಳ ಮಿತಿಯೊಳಗೇ ಇದೆ. ಮೊಟ್ಟೆ ಬಿಡುಗಡೆ ಹೊತ್ತಿಗೆ ಇದೂ ಸ್ವಲ್ಪ ಏರುತ್ತೆ, ಆದರೆ ಎಲ್‌ಎಚ್ ತರಹ ಕುಣಿಯುವುದಿಲ್ಲ. ಹೆಂಗಸರಲ್ಲಿ ಇದು ಅಷ್ಟು ಕಡಿಮೆ ಇರುತ್ತೆ ಅಂದರೆ ಸಾಮಾನ್ಯ ಲ್ಯಾಬ್ ಮಷಿನ್ ಇದನ್ನು ಕರಾರುವಾಕ್ಕಾಗಿ ಅಳೆಯುವುದಿಲ್ಲ. 48 ಮತ್ತು 58ರ ನಡುವಿನ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಗಲ್ಲದ ಮೇಲೆ, ಎದೆ ನಡುವೆ, ಹೊಕ್ಕುಳ ಕೆಳಗೆ ದಪ್ಪ ಕೂದಲು ಬರುತ್ತಿದೆಯಾ ಅಂತ ನೋಡುತ್ತೇನೆ. ಆದರೆ 150 ದಾಟಿದರೆ, ಅಥವಾ ಕೆಲವೇ ತಿಂಗಳಲ್ಲಿ ಧ್ವನಿ ಗಡಸಾಗಿ ಕೂದಲು ಬೆಳೆದರೆ, ಮುಂದಿನ ಮುಟ್ಟಿಗೆ ಕಾಯಬೇಡಿ. ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇದೆಯಾ ಅಂತ ಕೂಡಲೇ ನೋಡಬೇಕು.

ಇನ್ನು ನೀವು ಮಾಡಬೇಕಾದ್ದು. ಮುಂದಿನ ಮುಟ್ಟಿನ ಎರಡರಿಂದ ನಾಲ್ಕನೇ ದಿನದೊಳಗೆ ಒಂದು ಬೆಳಗ್ಗೆ ರಕ್ತ ಕೊಡಿ. ಬರೀ ಕಲೆ ಕಂಡ ದಿನವನ್ನು ಎಣಿಸಬೇಡಿ, ಸರಿಯಾಗಿ ರಕ್ತ ಹೋದ ದಿನ ಒಂದನೇ ದಿನ. ಎದ್ದು ಮೂರು ಗಂಟೆ ಆಗಿರಲಿ, ಏನೂ ತಿಂದಿರಬೇಡಿ, ಲ್ಯಾಬಿನಲ್ಲಿ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಚೀಟಿ ಮೇಲೆ ಎಲ್‌ಎಂಪಿ ನೀವೇ ಬರೆಯಿರಿ. ಆ ದಿನ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ 10ರೊಳಗೆ ಬಂದರೆ ನಾನು ಮೇಲೆ ಹೇಳಿದ್ದು ಸರಿ ಅಂತ ಆಯಿತು. ಮೊಟ್ಟೆ ಬಿಡುಗಡೆ ಆಗುತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಲು ಪ್ರೊಜೆಸ್ಟರಾನ್ ಟೆಸ್ಟ್ ಇದೆ. ಅದನ್ನು ಎಲ್ಲರಿಗೂ 21ನೇ ದಿನಕ್ಕೆ ಬರೆದುಕೊಡುತ್ತಾರೆ. ನಿಮಗೆ 21ನೇ ದಿನ ಇನ್ನೂ ಮೊಟ್ಟೆಯೇ ಬಂದಿರುವುದಿಲ್ಲ, ಕಡಿಮೆ ಅಂತ ಬಂದು ಮತ್ತೊಂದು ಭಯ ಶುರುವಾಗುತ್ತೆ. ಮುಟ್ಟು ಬರುವ ಏಳು ದಿನ ಮುಂಚೆ ನೋಡಬೇಕು, ನಿಮಗದು 28ನೇ ದಿನ, ಬೇಕಾದರೆ 35ನೇ ದಿನ ಇನ್ನೊಮ್ಮೆ. 3 ದಾಟಿದ್ದರೆ ಮೊಟ್ಟೆ ಬಿಡುಗಡೆ ಆಗಿದೆ.

ಪ್ರಶ್ನೆ: ಮುಟ್ಟಾಗಿ ಮೂರು ತಿಂಗಳಾಯಿತು. ಎರಡನೇ ದಿನ ಬರೋದೇ ಇಲ್ಲ, ಟೆಸ್ಟ್ ಯಾವಾಗ ಮಾಡಿಸಲಿ?

ಮೊದಲು ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್, ಮದುವೆಯಾಗಿ ಹತ್ತು ವರ್ಷ ಆಗಿದ್ದರೂ. ಗರ್ಭ ಇದ್ದರೆ ಪ್ರೊಲ್ಯಾಕ್ಟಿನ್ ಏರುತ್ತೆ, ಎಫ್‌ಎಸ್‌ಎಚ್ ಇಳಿಯುತ್ತೆ, ಅದನ್ನೇ ಕಾಯಿಲೆ ಅಂತ ಓದಿದವರನ್ನು ನಾನು ನೋಡಿದ್ದೇನೆ. ಅದು ನೆಗೆಟಿವ್ ಬಂದರೆ ಯಾವ ದಿನವಾದರೂ ರಕ್ತ ಕೊಡಿ, ಜೊತೆಗೆ ಈಸ್ಟ್ರಡಯಾಲ್ ಮತ್ತು ಪ್ರೊಜೆಸ್ಟರಾನ್ ಸೇರಿಸಿ. ಆಮೇಲೆ ಮುಟ್ಟು ಯಾವತ್ತು ಬಂತು ಅಂತ ಬರೆದಿಡಿ, ಹಿಂದಕ್ಕೆ ಎಣಿಸಿದರೆ ಆ ರಿಪೋರ್ಟ್ ಯಾವ ಹಂತದ್ದು ಅಂತ ಗೊತ್ತಾಗುತ್ತೆ.

ಪ್ರಶ್ನೆ: ಸಿದ್ಧೇಶ್ವರ ಜಾತ್ರೆಗೆ ಮುಟ್ಟು ಮುಂದೂಡುವ ಮಾತ್ರೆ ತಗೊಂಡಿದ್ದೆ. ಬಿಟ್ಟ ಮೂರನೇ ದಿನಕ್ಕೆ ಆಯಿತು. ಈಗ ಹಾರ್ಮೋನ್ ಟೆಸ್ಟ್ ಮಾಡಿಸಲಾ?

ಬೇಡ. ಅದು ಮಾತ್ರೆ ಬಿಟ್ಟಿದ್ದಕ್ಕೆ ಬಂದ ರಕ್ತ, ಮುಂದಿನ ಸಲ ತಾನಾಗೇ ಬಂದ ಮುಟ್ಟಿಗೆ ಮಾಡಿಸಿ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಬಿಟ್ಟು ಮೂರು ತಿಂಗಳಾಗಬೇಕು.

ಪ್ರಶ್ನೆ: ಕೂದಲು ಉದುರೋದಕ್ಕೆ ಬಯೋಟಿನ್ ತಗೊಳ್ತೀನಿ. ಪರವಾಗಿಲ್ವಾ?

ಟೆಸ್ಟ್‌ಗೆ ಮೂರು ದಿನ ಮುಂಚೆ ನಿಲ್ಲಿಸಿ. ಕೆಲವು ಮಷಿನ್‌ಗಳಲ್ಲಿ ಅದು ಎಲ್‌ಎಚ್ ಕಡಿಮೆ, ಟೆಸ್ಟೋಸ್ಟೆರಾನ್ ಜಾಸ್ತಿ ಅಂತ ಸುಳ್ಳು ನಂಬರ್ ಕೊಡಿಸುತ್ತೆ.

ಪ್ರಶ್ನೆ: ಮಗಳಿಗೆ 13, ಮುಟ್ಟು ಶುರುವಾಗಿ ಎಂಟು ತಿಂಗಳು, ಸರಿಯಾಗಿ ಬರ್ತಿಲ್ಲ. ಯಾವ ಟೆಸ್ಟ್?

ಯಾವುದೂ ಬೇಡ, ಮೊದಲ ವರ್ಷ ಹಾಗೇ ಇರುತ್ತೆ. 90 ದಿನ ದಾಟಿದರೆ ಅಥವಾ ರಕ್ತ ವಿಪರೀತ ಹೋದರೆ ಮಾತ್ರ ಕರೆತನ್ನಿ.

ಪ್ರಶ್ನೆ: ನಾಡಿ ನೋಡಿ ಹಾರ್ಮೋನ್ ಹೇಳುವವರು ಸಂತೆಗೆ ಬರ್ತಾರೆ, ಪುಡಿ ಕೊಡ್ತಾರೆ. ತಗೋಬಹುದಾ?

ನಾಡಿಯಲ್ಲಿ ಪ್ರೊಲ್ಯಾಕ್ಟಿನ್ ಕಾಣುವುದಿಲ್ಲ. ಪುಡಿಯಲ್ಲಿ ಏನಿದೆ ಅಂತ ಕೊಟ್ಟವರೇ ಹೇಳುವುದಿಲ್ಲ, ತಗೋಬೇಡಿ.